ತೆರೆದವರು ನೂರಾರು, ಉತ್ತರಿಸಿದವರು ನಾಲ್ವರು: ಒಂದು ಇ-ಮೇಲ್ ಸರಣಿಯ ದುರಸ್ತಿ

ಕಾರ್ಖಾನೆಗಳ ಕಂಪ್ರೆಸ್ಡ್ ಏರ್ ಲೈನುಗಳಲ್ಲಿ ಎಲ್ಲೆಲ್ಲಿ ಗಾಳಿ ಸೋರುತ್ತಿದೆ ಎಂಬುದನ್ನು ಹುಡುಕಿಕೊಡುವ ಒಂದು ಸಣ್ಣ ಸಂಸ್ಥೆ ಬೆಂಗಳೂರಿನಲ್ಲಿದೆ. ಹೊಸ ಗ್ರಾಹಕರಿಗಾಗಿ ಅದು ಐದು ಇ-ಮೇಲ್‌ಗಳ ಸರಣಿಯೊಂದನ್ನು ಸಿದ್ಧಪಡಿಸಿ, ಪೀಣ್ಯ ಮತ್ತು ಸುತ್ತಮುತ್ತಲಿನ 430 ವಿಳಾಸಗಳಿಗೆ ಕಳುಹಿಸಿತ್ತು. ಮೊದಲ ಮೇಲ್ ತೆರೆದವರ ಪ್ರಮಾಣ ಶೇಕಡಾ 64 ಎಂದು ಕಳುಹಿಸುವ ಸಾಧನ ತೋರಿಸುತ್ತಿತ್ತು. ಬಂದ ಉತ್ತರಗಳು ನಾಲ್ಕು. ಅವುಗಳಲ್ಲಿ ಎರಡು ‘ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ’ ಎಂಬವು, ಒಂದು ‘ನಾನು ಆ ಕಂಪನಿ ಬಿಟ್ಟಿದ್ದೇನೆ’ ಎಂಬುದು, ಇನ್ನೊಂದು ‘ಬ್ರೋಷರ್ ಕಳುಹಿಸಿ’ ಎಂಬುದು. ವಿಷಯದ ಸಾಲು ಚೆನ್ನಾಗಿದೆ, ಒಳಗಿನ ಬರಹವನ್ನಷ್ಟೇ ಸ್ವಲ್ಪ ತಿದ್ದಿಕೊಡಿ ಎಂದು ಸಂಸ್ಥೆಯವರು ನನ್ನನ್ನು ಕೇಳಿದರು. ಕೆಲಸ ಹೇಗೆ ಸಾಗಿತು ಎಂಬುದರ ದಾಖಲೆ ಇದು.

ಮೊದಲು ಅಳತೆಯನ್ನೇ ಪರೀಕ್ಷಿಸಿದ್ದು

ಉತ್ತರ ಬರುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಉತ್ತರ ಬರುವ ದಾರಿಯನ್ನು. ಸರಣಿಯ ಮೇಲ್ ಒಂದನ್ನು ನನ್ನದೇ ಬೇರೆ ಬೇರೆ ವಿಳಾಸಗಳಿಗೆ ತರಿಸಿಕೊಂಡು, ಪ್ರತಿಯೊಂದರಿಂದಲೂ ಉತ್ತರ ಬರೆದು, ಅದು ಸಂಸ್ಥೆಯವರು ದಿನವೂ ನೋಡುವ ಇನ್‌ಬಾಕ್ಸಿಗೇ ಬರುತ್ತಿದೆಯೇ, ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿದೆಯೇ ಎಂದು ನೋಡಿದೆ. ಉತ್ತರದ ವಿಳಾಸ ಯಾರೂ ತೆರೆಯದ ಖಾತೆಗೆ ಹೋಗುತ್ತಿರುವ ಪ್ರಸಂಗಗಳು ಈ ಕೆಲಸದಲ್ಲಿ ಅಪರೂಪವೇನಲ್ಲ. ಇಲ್ಲಿ ಮಾತ್ರ ದಾರಿ ಸರಿಯಾಗಿತ್ತು.

ಮುಂದಿನ ಪ್ರಶ್ನೆ ಶೇಕಡಾ 64 ಎಂಬ ಅಂಕಿಯದು. ಮೇಲ್ ತೆರೆದದ್ದು ಕಳುಹಿಸಿದವರಿಗೆ ಗೊತ್ತಾಗುವುದು ಅದರೊಳಗೆ ಅಡಗಿಸಿಟ್ಟ, ಒಂದೇ ಪಿಕ್ಸೆಲ್‌ನಷ್ಟು ಗಾತ್ರದ ಚಿತ್ರವೊಂದು ಸರ್ವರಿನಿಂದ ಇಳಿದಾಗ. ಅದನ್ನು ಇಳಿಸಿದ್ದು ಮನುಷ್ಯನೋ ಯಂತ್ರವೋ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಆಪಲ್ ಸಂಸ್ಥೆ 2021ರಲ್ಲಿ ಐಒಎಸ್ 15ರೊಂದಿಗೆ ತಂದ ಗೋಪ್ಯತೆಯ ವ್ಯವಸ್ಥೆಯು, ಬಳಕೆದಾರರು ಮೇಲ್ ಓದಲಿ ಬಿಡಲಿ, ಚಿತ್ರಗಳನ್ನು ಹಿನ್ನೆಲೆಯಲ್ಲಿ ಮೊದಲೇ ಇಳಿಸಿಕೊಳ್ಳುತ್ತದೆ. ದೊಡ್ಡ ಕಂಪನಿಗಳ ಭದ್ರತಾ ಫಿಲ್ಟರುಗಳು ಬಂದ ಮೇಲ್‌ನ ಕೊಂಡಿಗಳನ್ನೂ ಚಿತ್ರಗಳನ್ನೂ ತಾವೇ ತೆರೆದು ಪರೀಕ್ಷಿಸುತ್ತವೆ. ಆದ್ದರಿಂದ ಸಾಧನದ ಲಾಗ್ ಇಳಿಸಿಕೊಂಡು, ತಲುಪಿದ ಕೆಲವೇ ಸೆಕೆಂಡುಗಳಲ್ಲಿ ದಾಖಲಾದ ತೆರೆಯುವಿಕೆಗಳನ್ನೂ, ಚಿತ್ರ ಇಳಿಸಿದ ತಂತ್ರಾಂಶ ತನ್ನ ಗುರುತು ಹೇಳುವ ಯೂಸರ್ ಏಜೆಂಟ್ ಜಾಗದಲ್ಲಿ ಬರಿಯ `Mozilla/5.0` ಎಂದಷ್ಟೇ ಇದ್ದವನ್ನೂ ಬದಿಗಿಟ್ಟೆ. `GoogleImageProxy` ಎಂದಿದ್ದವನ್ನು ಉಳಿಸಿಕೊಂಡೆ. ಜಿಮೇಲ್ ಚಿತ್ರಗಳನ್ನು ತನ್ನ ಸರ್ವರ್ ಮೂಲಕವೇ ತರಿಸುವುದರಿಂದ ಓದುಗರ ಊರು, ಸಾಧನ ಯಾವುದೆಂದು ಅಲ್ಲಿ ತಿಳಿಯದಿದ್ದರೂ, ಮೊದಲ ಇಳಿಕೆ ಸಾಮಾನ್ಯವಾಗಿ ಯಾರೋ ಮೇಲ್ ತೆರೆದಾಗಲೇ ಆಗುತ್ತದೆ.

ಹೀಗೆ ಸೋಸಿದ ಮೇಲೆ ಉಳಿದದ್ದು ಶೇಕಡಾ 41ರಷ್ಟು. ಈ ಸೋಸುವಿಕೆ ಅಂದಾಜಿನದು, ಒಬ್ಬಿಬ್ಬರು ನಿಜವಾದ ಓದುಗರೂ ಇದರಲ್ಲಿ ಬಿಟ್ಟುಹೋಗಿರಬಹುದು. ಆದರೂ ಒಂದು ಮಾತು ಖಚಿತವಾಯಿತು: ನೂರೈವತ್ತಕ್ಕೂ ಹೆಚ್ಚು ಜನ ಈ ಮೇಲ್ ತೆರೆದಿದ್ದಾರೆ, ತೆರೆದು ಸುಮ್ಮನಾಗಿದ್ದಾರೆ. ಅಂದರೆ ಮೇಲ್ ತಲುಪದಿರುವುದು ಇಲ್ಲಿನ ತೊಂದರೆಯಲ್ಲ. ಡೊಮೈನ್, ಕಳುಹಿಸಿದವರ ಗುರುತನ್ನು ಖಚಿತಪಡಿಸುವ ಎಸ್‌ಪಿಎಫ್, ಡಿಕೆಐಎಂ ಎಂದು ಅತ್ತ ಹೆಚ್ಚು ಹೊತ್ತು ಕಳೆಯುವ ಅಗತ್ಯವಿರಲಿಲ್ಲ.

ಏಕೆ ತೆರೆದರು?

ಮೊದಲ ಮೇಲ್‌ನ ವಿಷಯದ ಸಾಲು ‘ನಿಮ್ಮ ಬೆಸ್ಕಾಂ ಬಿಲ್ ಕುರಿತು’ ಎಂದಿತ್ತು. ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅವುಗಳ ಸಾರವನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಕಾರ್ಖಾನೆಯೊಂದರಲ್ಲಿ ಈ ಸಾಲನ್ನು ಕಂಡವರು ತೆರೆಯದೇ ಇರಲಾರರು, ಏಕೆಂದರೆ ಬಾಕಿಯೋ ದಂಡವೋ ಸಂಪರ್ಕ ಕಡಿತದ ನೋಟಿಸೋ ಬಂದಿರಬಹುದು ಎಂಬ ಆತಂಕ ಅದರಲ್ಲಿ ಹುಟ್ಟುತ್ತದೆ. ಒಳಗೆ ಇದ್ದದ್ದು ಸಂಸ್ಥೆಯ ಪರಿಚಯ. ಆತಂಕದಿಂದ ತೆರೆದ ಓದುಗರು ಬಿಲ್ಲಿನ ಮಾತಿಲ್ಲವೆಂದು ಕಂಡೊಡನೆ ನಿರಾಳರಾಗಿ ಮುಚ್ಚುತ್ತಾರೆ, ಮತ್ತು ತಮ್ಮನ್ನು ಸುಳ್ಳು ಹೇಳಿ ಕರೆದರೆಂಬ ಸಣ್ಣ ಅಸಮಾಧಾನವನ್ನೂ ಉಳಿಸಿಕೊಳ್ಳುತ್ತಾರೆ. ಸಂಸ್ಥೆಯವರು ಸರಣಿಯ ಬಲವೆಂದು ಭಾವಿಸಿದ್ದ ಸಾಲೇ ಉತ್ತರವನ್ನು ತಡೆಯುತ್ತಿತ್ತು ಎಂಬುದು ನನ್ನ ಊಹೆಯಾಗಿತ್ತು.

ಊಹೆಯನ್ನು ಪರೀಕ್ಷಿಸಲು, ಬೇರೆ ಬೇರೆ ದಿನಗಳಲ್ಲಿ ಮತ್ತೆ ಮತ್ತೆ ಮೇಲ್ ತೆರೆದಿದ್ದವರ ಪಟ್ಟಿ ಮಾಡಿ, ಸಂಸ್ಥೆಯ ಎಂಜಿನಿಯರ್ ಜೊತೆ ಕುಳಿತು ಅವರಲ್ಲಿ ಕೆಲವರಿಗೆ ಫೋನ್ ಮಾಡಿಸಿದೆ. ಮಾರುವ ಮಾತು ಆಡಬಾರದು, ‘ಆ ಮೇಲ್ ಓದಿದಾಗ ನಿಮಗೆ ಏನನ್ನಿಸಿತು’ ಎಂದಷ್ಟೇ ಕೇಳಬೇಕು ಎಂದು ಮೊದಲೇ ಒಪ್ಪಿಕೊಂಡಿದ್ದೆವು. ಲೆಕ್ಕಪತ್ರ ವಿಭಾಗದ ಒಬ್ಬರು, ‘ಬೆಸ್ಕಾಂನಿಂದ ಬಂದಿದೆ ಅಂದ್ಕೊಂಡು ತೆಗೆದೆ ಸಾರ್, ಆಮೇಲೆ ಎಂಡಿ ಅವರಿಗೆ ಫಾರ್ವರ್ಡ್ ಮಾಡಿ ಬಿಟ್ಟೆ’ ಎಂದರು. ಮೇಂಟೆನೆನ್ಸ್ ನೋಡಿಕೊಳ್ಳುವ ಇನ್ನೊಬ್ಬರ ಮಾತು ಇಡೀ ದುರಸ್ತಿಗೆ ದಿಕ್ಕು ತೋರಿಸಿತು: ‘ನಮ್ಮ ಪ್ಲಾಂಟಲ್ಲಿ ಲೀಕ್ ಇದೆ ಅಂತ ನಾನೇ ಬರೆದು ಕೊಟ್ಟರೆ, ಇಷ್ಟು ದಿನ ನೀನು ಏನ್ ಮಾಡ್ತಿದ್ದೆ ಅಂತ ಕೇಳಲ್ವಾ?’

ಯಾರಿಗೆ ಬರೆಯುತ್ತಿದ್ದೇವೆ

ಕೊಡುಗೆ, ಓದುಗ, ಕೇಳಿಕೆ ಎಂಬ ಮೂರರಲ್ಲಿ ನಾನು ಓದುಗರಿಂದಲೇ ಪ್ರಾರಂಭಿಸುತ್ತೇನೆ. ಸಂಬಂಧವಿಲ್ಲದವರ ಮೌನದಿಂದ ಕೊಡುಗೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲಾಗದು.

430 ವಿಳಾಸಗಳ ಪಟ್ಟಿಯನ್ನು ಸಾಲು ಸಾಲಾಗಿ ಓದಿದಾಗ ಅದರಲ್ಲಿ ಮೂರು ಬಗೆಯ ಕಾರ್ಖಾನೆಗಳು ಬೆರೆತಿದ್ದವು. ದೊಡ್ಡ ಕಾರ್ಖಾನೆಗಳಲ್ಲಿ ವಿದ್ಯುತ್ ಉಳಿತಾಯಕ್ಕೆಂದೇ ಜನರಿರುತ್ತಾರೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ನಿಗದಿತ ಬಳಕೆದಾರರೆಂದು ಗುರುತಿಸಲ್ಪಟ್ಟವರಂತೂ ಮಾನ್ಯತೆ ಪಡೆದ ಇಂಧನ ಪರಿಶೋಧಕರಿಂದ ಇಂಧನ ತಪಾಸಣೆ ಮಾಡಿಸಲೇಬೇಕು. ಅಪರಿಚಿತ ಮೇಲ್ ಒಂದನ್ನು ನೋಡಿ ಅವರು ವ್ಯವಸ್ಥೆ ಬದಲಿಸುವುದಿಲ್ಲ. ಇನ್ನೊಂದು ತುದಿಯಲ್ಲಿ ಏಳೂವರೆ ಎಚ್‌ಪಿ ಪಿಸ್ಟನ್ ಕಂಪ್ರೆಸರ್ ಇಟ್ಟುಕೊಂಡು ಒಂದೇ ಪಾಳಿ ನಡೆಸುವ ಸಣ್ಣ ಘಟಕಗಳು. ಇವರಿಗೆ ಲಾಭವಿದೆಯೇ ಎಂದು ಲೆಕ್ಕ ಹಾಕಿ ನೋಡಿದೆವು. ಏಳೂವರೆ ಎಚ್‌ಪಿ ಎಂದರೆ ಸುಮಾರು 5.5 ಕಿಲೋವ್ಯಾಟ್. ಅದರ ಕಾಲುಭಾಗ ಸೋರಿಹೋಗುತ್ತಿದೆ, ವರ್ಷಕ್ಕೆ 2,400 ಗಂಟೆ ಓಡುತ್ತದೆ, ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ ನಷ್ಟ 23 ಸಾವಿರ ರೂಪಾಯಿಯ ಆಸುಪಾಸು. ಸೋರಿಕೆಯಲ್ಲಿ ಅರ್ಧವನ್ನು ನಿಲ್ಲಿಸಿದರೂ ಉಳಿಯುವುದು ಹನ್ನೊಂದು ಹನ್ನೆರಡು ಸಾವಿರ. ಸಂಸ್ಥೆಯ ಒಂದು ದಿನದ ತಪಾಸಣೆಯ ಶುಲ್ಕವೇ 18 ಸಾವಿರ. ಇಂಥವರು ಉತ್ತರಿಸದಿದ್ದುದು ಸರಿಯಾದ ನಿರ್ಧಾರವೇ ಆಗಿತ್ತು.

ನಡುವೆ ಉಳಿದವರು 30ರಿಂದ 100 ಎಚ್‌ಪಿಯ ಸ್ಕ್ರೂ ಕಂಪ್ರೆಸರ್ ಇಟ್ಟುಕೊಂಡು ಎರಡು ಅಥವಾ ಮೂರು ಪಾಳಿ ನಡೆಸುವವರು: ಸಿಎನ್‌ಸಿ ಯಂತ್ರಗಳ ಮಷೀನ್ ಶಾಪುಗಳು, ಪೌಡರ್ ಕೋಟಿಂಗ್ ಘಟಕಗಳು, ಪ್ಯಾಕಿಂಗ್ ಸಾಮಗ್ರಿ ತಯಾರಿಸುವವರು. ಅಲ್ಲಿ 50 ಎಚ್‌ಪಿ, ಅಂದರೆ 37 ಕಿಲೋವ್ಯಾಟ್ ಕಂಪ್ರೆಸರ್ ಒಂದನ್ನು ತೆಗೆದುಕೊಂಡು ಅದೇ ಲೆಕ್ಕ ಮಾಡಿದೆವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಥ ಕಂಪ್ರೆಸರ್ ಅನ್‌ಲೋಡ್ ಆದಾಗಲೂ, ಅಂದರೆ ಗಾಳಿ ಒತ್ತುವುದನ್ನು ನಿಲ್ಲಿಸಿದಾಗಲೂ, ಮೋಟಾರು ತಿರುಗುತ್ತಲೇ ಇದ್ದು, ಪೂರ್ಣ ಹೊರೆಯ ಶೇಕಡಾ 30ರಷ್ಟು ವಿದ್ಯುತ್ ಎಳೆಯುತ್ತಿರುತ್ತದೆ. ಆದ್ದರಿಂದ ಸೋರಿಕೆ ನಿಂತರೆ ಉಳಿಯುವುದು ಲೋಡ್ ಮತ್ತು ಅನ್‌ಲೋಡ್ ನಡುವಿನ ವ್ಯತ್ಯಾಸ ಮಾತ್ರ, ಇಲ್ಲಿ ಸುಮಾರು 26 ಕಿಲೋವ್ಯಾಟ್. ಅದರ ಕಾಲುಭಾಗ ಆರೂವರೆ ಕಿಲೋವ್ಯಾಟ್. ಎರಡು ಪಾಳಿಗೆ ವರ್ಷಕ್ಕೆ 4,800 ಗಂಟೆಯಂತೆ 31 ಸಾವಿರ ಯೂನಿಟ್, ಎರಡು ಲಕ್ಷ ರೂಪಾಯಿಗೆ ಸ್ವಲ್ಪ ಮೇಲೆ. ಅರ್ಧ ನಿಂತರೂ ಒಂದು ಲಕ್ಷ. ಹದಿನೆಂಟು ಸಾವಿರದ ಶುಲ್ಕಕ್ಕೆ ಇಲ್ಲಿ ಅರ್ಥವಿದೆ.

ಇಂಥ ಕಾರ್ಖಾನೆಗಳನ್ನು ಹುಡುಕಲು ಕೊಂಡು ತಂದ ಪಟ್ಟಿ ನೆರವಾಗುವುದಿಲ್ಲ. ನೆರವಾದದ್ದು ಅವರದೇ ವೆಬ್‌ಸೈಟುಗಳು. ಮಷೀನ್ ಶಾಪುಗಳು ಗ್ರಾಹಕರಿಗೆ ತೋರಿಸಲೆಂದು ತಮ್ಮಲ್ಲಿರುವ ಯಂತ್ರಗಳ ಪಟ್ಟಿಯನ್ನು ಪ್ರಕಟಿಸುವುದುಂಟು, ಮತ್ತು ಟರ್ನಿಂಗ್ ಸೆಂಟರ್, ವಿಎಂಸಿಯಂಥ ಯಂತ್ರಗಳ ಕೆಳಗೆ ಕೊನೆಯ ಸಾಲುಗಳಲ್ಲಿ ಜನರೇಟರ್ ಜೊತೆಗೆ ಕಂಪ್ರೆಸರ್ ಎಷ್ಟು ಎಚ್‌ಪಿ ಅಥವಾ ಎಷ್ಟು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಎಂಬುದೂ ಕೆಲವೊಮ್ಮೆ ಇರುತ್ತದೆ. ಆ ಸಾಲು ಇರುವವರನ್ನೇ ಆರಿಸಿ, ಪ್ರತಿ ಕಾರ್ಖಾನೆಯಿಂದ ಒಬ್ಬರಂತೆ, ಮೇಂಟೆನೆನ್ಸ್ ಅಥವಾ ಪ್ಲಾಂಟ್ ನೋಡಿಕೊಳ್ಳುವವರ ಹೆಸರು ಹುಡುಕಿ 140 ಜನರ ಹೊಸ ಪಟ್ಟಿ ಮಾಡಿದೆವು. ಕೆಲಸ ನಿಧಾನವಾಯಿತು, ಆದರೆ ಈ ದುರಸ್ತಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟ ಶ್ರಮ ಇದೇ ಎಂಬುದು ನನ್ನ ಅಭಿಪ್ರಾಯ.

ಏನು ಕೊಡುತ್ತಿದ್ದೇವೆ

ಹಳೆಯ ಮೇಲ್‌ನ ಕೊಡುಗೆ ಒಂದೇ ವಾಕ್ಯದಲ್ಲಿತ್ತು: ‘ಸಮಗ್ರ ಇಂಧನ ತಪಾಸಣೆಯ ಮೂಲಕ ನಿಮ್ಮ ವಿದ್ಯುತ್ ಬಿಲ್ಲನ್ನು ಶೇಕಡಾ 30ರವರೆಗೆ ಕಡಿಮೆ ಮಾಡುತ್ತೇವೆ.’ ಈ ಮಾತನ್ನು ಮೇಂಟೆನೆನ್ಸ್ ಎಂಜಿನಿಯರ್ ಒಬ್ಬರು ಓದುತ್ತಿದ್ದಾರೆಂದು ಕಲ್ಪಿಸಿಕೊಳ್ಳಿ. ತಮ್ಮ ಬಿಲ್ಲಿನಲ್ಲಿ ಕಂಪ್ರೆಸರಿನ ಪಾಲು ಐದನೇ ಒಂದರಷ್ಟು ಎಂದು ಅವರಿಗೆ ಗೊತ್ತಿದ್ದರೆ, ಅದರಲ್ಲಿ ಕಾಲುಭಾಗ ಸೋರುತ್ತಿದ್ದರೂ ಒಟ್ಟು ಬಿಲ್ಲಿನ ಮೇಲೆ ಆಗುವ ವ್ಯತ್ಯಾಸ ಶೇಕಡಾ 5 ಮೀರದೆಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಮೂವತ್ತು ಎಂದವರನ್ನು ಅವರು ನಂಬುವುದಿಲ್ಲ. ಸೋರಿಕೆಯನ್ನು ಬಲ್ಲ ಸಂಸ್ಥೆ ತನ್ನ ನಿಜವಾದ ಕೌಶಲವನ್ನು ಬಿಟ್ಟು, ಎಲ್ಲರೂ ಹೇಳುವ ದೊಡ್ಡ ಮಾತಿನ ಹಿಂದೆ ಅಡಗಿಕೊಂಡಿತ್ತು.

ಫೋನಿನಲ್ಲಿ ಕೇಳಿದ ಮಾತು ಇನ್ನೂ ಆಳದ ದೋಷವನ್ನು ತೋರಿಸಿತು. ಕೊಡುಗೆಯ ಲಾಭ ಮಾಲೀಕರದು, ಅದನ್ನು ಒಪ್ಪಿಕೊಳ್ಳುವ ಬೆಲೆ ಮಾತ್ರ ಮೇಂಟೆನೆನ್ಸ್‌ನವರದು. ‘ನಿಮ್ಮ ಕಾರ್ಖಾನೆಯಲ್ಲಿ ಹಣ ಸೋರಿಹೋಗುತ್ತಿದೆ’ ಎಂಬ ವಾಕ್ಯ ಮಾಲೀಕರಿಗೆ ಸುದ್ದಿಯಾದರೆ ಮೇಂಟೆನೆನ್ಸ್‌ನವರಿಗೆ ಆರೋಪ. ವಾಸ್ತವದಲ್ಲಿ ಸೋರಿಕೆ ಯಾರ ನಿರ್ಲಕ್ಷ್ಯವೂ ಅಲ್ಲ. ಕ್ವಿಕ್ ಕಪ್ಲರಿನ ಒಳಗಿನ ರಬ್ಬರ್ ಸವೆಯುತ್ತದೆ, ಪಿಯು ಟ್ಯೂಬು ಪುಶ್ ಫಿಟಿಂಗಿನೊಳಗೆ ಓರೆಯಾಗಿ ಕೂರುತ್ತದೆ, ಡ್ರೈನ್ ವಾಲ್ವಿನಲ್ಲಿ ಕಸ ಸಿಕ್ಕಿ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಯಂತ್ರಗಳು ಓಡುತ್ತಿರುವ ಶೆಡ್ಡಿನಲ್ಲಿ ಇಂಥ ಸಣ್ಣ ಸೋರಿಕೆಯ ಸದ್ದು ಕಿವಿಗೆ ಕೇಳಿಸದು. ಅದಕ್ಕೆಂದೇ ಅಲ್ಟ್ರಾಸಾನಿಕ್ ಡಿಟೆಕ್ಟರ್ ಬೇಕಾಗುತ್ತದೆ. ಈ ಮಾತು ಹಳೆಯ ಸರಣಿಯ ಐದು ಮೇಲ್‌ಗಳಲ್ಲಿ ಎಲ್ಲಿಯೂ ಇರಲಿಲ್ಲ.

ಹೊಸ ಕೊಡುಗೆಯನ್ನು ಹೀಗೆ ಕಟ್ಟಿದೆವು: ಒಂದು ದಿನದ ತಪಾಸಣೆ, ಉತ್ಪಾದನೆ ನಿಲ್ಲಿಸಬೇಕಾಗಿಲ್ಲ, ಸಿಕ್ಕ ಪ್ರತಿ ಸೋರಿಕೆಗೂ ಸಂಖ್ಯೆ ಬರೆದ ಟ್ಯಾಗ್ ಕಟ್ಟಲಾಗುತ್ತದೆ, ಯಾವುದನ್ನು ಮೊದಲು ಸರಿಪಡಿಸಿದರೆ ಎಷ್ಟು ಉಳಿಯುತ್ತದೆ ಎಂಬ ಪಟ್ಟಿಯನ್ನು ಮೇಂಟೆನೆನ್ಸ್ ವಿಭಾಗಕ್ಕೇ ಕೊಡಲಾಗುತ್ತದೆ, ಮಾಲೀಕರಿಗೆ ಅದನ್ನು ಒಯ್ಯುವವರು ಅವರೇ. ಶುಲ್ಕ 18 ಸಾವಿರ ಎಂದು ಬರೆದೆವು. ಶುಲ್ಕವನ್ನು ಮೊದಲೇ ಹೇಳಿದರೆ ಜನ ಓಡಿಹೋಗುತ್ತಾರೆಂದು ಸಂಸ್ಥೆಯವರು ಹಿಂಜರಿದರು. ಓಡಿಹೋಗುವವರು ಬೇಗ ಹೋದರೆ ಇಬ್ಬರಿಗೂ ಒಳ್ಳೆಯದು ಎಂದು ನಾನು ಹಟ ಹಿಡಿದೆ.

ಏನು ಕೇಳುತ್ತಿದ್ದೇವೆ

ಐದೂ ಮೇಲ್‌ಗಳ ಕೊನೆಯಲ್ಲಿ ಒಂದೇ ಕೇಳಿಕೆ ಇತ್ತು: ಕೆಳಗಿನ ಕೊಂಡಿಯನ್ನು ಒತ್ತಿ ಅರ್ಧ ಗಂಟೆಯ ಮಾತುಕತೆಗೆ ಸಮಯ ಗೊತ್ತುಮಾಡಿ. ಪಾಳಿಯಲ್ಲಿ ನಿಂತು ಕೆಲಸ ಮಾಡುವವರು ಕ್ಯಾಲೆಂಡರಿನ ಪ್ರಕಾರ ಬದುಕುವುದಿಲ್ಲ. ಮೇಲಾಗಿ ಅರ್ಧ ಗಂಟೆ ಮಾತನಾಡಲು ಒಪ್ಪುವುದೆಂದರೆ ಹೊರಗಿನವರೊಡನೆ ವ್ಯವಹಾರ ಪ್ರಾರಂಭಿಸಿದಂತೆ, ಅದಕ್ಕೆ ಅವರು ಮೇಲಿನವರನ್ನು ಕೇಳಬೇಕು. ಎರಡನೆಯ ಮೇಲ್‌ನಿಂದ ಐದನೆಯದರವರೆಗೆ ‘ಹಿಂದಿನ ಮೇಲ್ ನೋಡಿದಿರಾ’ ಎಂಬುದರ ಹೊರತು ಹೊಸ ಕಾರಣವೇನನ್ನೂ ಕೊಡದೆ ಇದೇ ಬಾಗಿಲನ್ನು ಬಡಿಯಲಾಗಿತ್ತು.

ಓದುಗರು ಯಾರನ್ನೂ ಕೇಳದೆ, ಎಲ್ಲಿಗೂ ಎದ್ದುಹೋಗದೆ, ತಮಗೆ ಗೊತ್ತಿರುವುದರಿಂದಲೇ ಉತ್ತರಿಸಬಹುದಾದ ಪ್ರಶ್ನೆಯೊಂದು ಬೇಕಿತ್ತು. ಅದನ್ನು ಸಂಸ್ಥೆಯ ಎಂಜಿನಿಯರೇ ಹುಡುಕಿಕೊಟ್ಟರು. ಹೊಸ ಮೇಲ್ ಹೀಗಿತ್ತು:

> ನಮಸ್ಕಾರ. ನಿಮ್ಮ ಯಂತ್ರಗಳ ಪಟ್ಟಿಯಲ್ಲಿ 50 ಎಚ್‌ಪಿ ಸ್ಕ್ರೂ ಕಂಪ್ರೆಸರ್ ನೋಡಿ ಬರೆಯುತ್ತಿದ್ದೇನೆ. ಊಟದ ವಿರಾಮದಲ್ಲಿ ಮಷೀನುಗಳೆಲ್ಲ ನಿಂತಿರುವಾಗಲೂ ಅದು ಆಗಾಗ ಲೋಡ್‌ಗೆ ಹೋಗುತ್ತದೆಯೇ? ಹೌದು ಅಥವಾ ಇಲ್ಲ ಎಂದಷ್ಟೇ ಬರೆದರೆ ಸಾಕು. ಹೌದಾದರೆ, ಎಷ್ಟು ಸೋರುತ್ತಿದೆ ಎಂದು ನೀವೇ ಅಳೆಯುವ ಕ್ರಮವನ್ನು ಕಳುಹಿಸುತ್ತೇನೆ.

ಅದರ ಕೆಳಗೆ ಕೊಡುಗೆಯ ನಾಲ್ಕು ಸಾಲು, ಶುಲ್ಕ, ಎಂಜಿನಿಯರ್ ಹೆಸರು ಮತ್ತು ಫೋನ್ ನಂಬರು. ವಿಷಯದ ಸಾಲು ‘50 ಎಚ್‌ಪಿ ಕಂಪ್ರೆಸರ್ ಬಗ್ಗೆ ಒಂದು ಪ್ರಶ್ನೆ’. ಕ್ಯಾಲೆಂಡರ್ ಕೊಂಡಿಯನ್ನು ತೆಗೆದೆವು. ತೆರೆದವರನ್ನು ಎಣಿಸುವ ಪಿಕ್ಸೆಲ್ಲನ್ನು ಈ ಸಲದ ಹೋಲಿಕೆಗೆ ಬೇಕೆಂದು ಮಾತ್ರ ಉಳಿಸಿಕೊಂಡೆವು. ‘ಹೌದು’ ಎಂದವರಿಗೆ ಕಳುಹಿಸಬೇಕಾದ ಕ್ರಮವೂ ಚಿಕ್ಕದು. ಮಷೀನುಗಳನ್ನೆಲ್ಲ ನಿಲ್ಲಿಸಿ, ಏರ್ ಲೈನಿಗೆ ಗಾಳಿ ಹೋಗುವ ವಾಲ್ವನ್ನು ತೆರೆದಿಟ್ಟು, ಕಂಪ್ರೆಸರ್ ಮಾತ್ರ ಓಡಿಸಿ, ಅದು ಲೋಡ್‌ನಲ್ಲಿದ್ದ ಸಮಯವನ್ನೂ ಅನ್‌ಲೋಡ್‌ನಲ್ಲಿದ್ದ ಸಮಯವನ್ನೂ ನಾಲ್ಕೈದು ಆವರ್ತನಗಳವರೆಗೆ ಅಳೆದು ಸರಾಸರಿ ತೆಗೆಯಬೇಕು:

```
L = T / (T + t) × 100
```

ಇಲ್ಲಿ T ಲೋಡ್‌ನ ಸೆಕೆಂಡುಗಳು, t ಅನ್‌ಲೋಡ್‌ನ ಸೆಕೆಂಡುಗಳು, L ಕಂಪ್ರೆಸರಿನ ಸಾಮರ್ಥ್ಯದಲ್ಲಿ ಸೋರಿಕೆಯ ಶೇಕಡಾವಾರು ಪಾಲು. ಲೋಡ್ 40 ಸೆಕೆಂಡು, ಅನ್‌ಲೋಡ್ 120 ಸೆಕೆಂಡು ಇದ್ದರೆ ಸೋರಿಕೆ ಶೇಕಡಾ 25.

ಬಿಡಿಬಿಡಿಯಾಗಿ ಪರೀಕ್ಷಿಸಿದ್ದು, ಮತ್ತು ಅದರ ಮಿತಿ

ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹಾಗೆಂದು 140 ಜನರನ್ನು ನಾಲ್ಕೈದು ತುಂಡು ಮಾಡಿದರೂ ತಿಳಿಯುವುದಿಲ್ಲ. ನೂರಕ್ಕೆ ಇಬ್ಬರು ಉತ್ತರಿಸುವ ಮೇಲ್ ಒಂದನ್ನು 50 ಜನರಿಗೆ ಕಳುಹಿಸಿದರೆ ಒಂದೂ ಉತ್ತರ ಬಾರದಿರುವ ಸಾಧ್ಯತೆ ಶೇಕಡಾ 36ರಷ್ಟಿರುತ್ತದೆ. ಅಂಥ ಶೂನ್ಯವನ್ನು ನೋಡಿ ಮೇಲ್ ಕೆಟ್ಟದ್ದೆಂದು ತೀರ್ಮಾನಿಸುವುದು ದುಡುಕು. ಆದ್ದರಿಂದ ಪಟ್ಟಿಯನ್ನು ಎರಡೇ ಭಾಗ ಮಾಡಿ, 70 ಜನರಿಗೆ ಹಳೆಯ ಮೇಲನ್ನು ಇದ್ದ ಹಾಗೆಯೇ, ಉಳಿದ 70 ಜನರಿಗೆ ಹೊಸ ಕೊಡುಗೆ ಮತ್ತು ಹೊಸ ಕೇಳಿಕೆಯ ಮೇಲನ್ನು ಕಳುಹಿಸಿದೆವು.

ಹಳೆಯ ಮೇಲ್‌ಗೆ, ಓದುಗರು ಸರಿಯಾದವರೇ ಆಗಿದ್ದರೂ, ಒಂದು ಉತ್ತರ ಬಂತು. ಹೊಸದಕ್ಕೆ ಒಂಬತ್ತು ಬಂದವು. ಸೋಸಿದ ಮೇಲೆ ತೆರೆದವರ ಪ್ರಮಾಣ ಹೊಸ ಮೇಲ್‌ನಲ್ಲಿ ಶೇಕಡಾ 30ಕ್ಕೆ ಇಳಿದಿತ್ತು, ಬಿಲ್ಲಿನ ಆತಂಕ ಹೋದ ಮೇಲೆ ಅದು ಇಳಿಯಲೇಬೇಕಿತ್ತು. ಒಂದಕ್ಕೂ ಒಂಬತ್ತಕ್ಕೂ ಇರುವ ಅಂತರವನ್ನು ಬರಿಯ ಆಕಸ್ಮಿಕವೆನ್ನುವುದು ಕಷ್ಟ. ಆದರೆ ಅದರಲ್ಲಿ ಕೊಡುಗೆಯ ಪಾಲೆಷ್ಟು, ಕೇಳಿಕೆಯ ಪಾಲೆಷ್ಟು ಎಂಬುದನ್ನು ಈ ಅಂಕಿಗಳು ಹೇಳಲಾರವು. ಅದಕ್ಕೆ ಉತ್ತರಗಳನ್ನೇ ಓದಬೇಕು. ಒಂಬತ್ತರಲ್ಲಿ ಎಂಟು ಜನ ಪ್ರಶ್ನೆಗೆ ನೇರವಾಗಿ ಉತ್ತರಿಸಿದ್ದರು, ಆರು ‘ಹೌದು’, ಎರಡು ‘ಇಲ್ಲ’. ಒಬ್ಬರು ಮಾತ್ರ ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂದು ಕೇಳಿದ್ದರು. ಅಂದರೆ ಬಾಯಿ ತೆರೆಸಿದ್ದು ಮುಖ್ಯವಾಗಿ ಕೇಳಿಕೆ. ಕೊಡುಗೆಯ ಕೆಲಸ ಆಮೇಲೆ ಕಾಣಿಸಿತು: ‘ಹೌದು’ ಎಂದ ಆರು ಜನರಲ್ಲಿ ಮೂವರು ಭಾನುವಾರ ಅಳೆದು ಸೆಕೆಂಡುಗಳನ್ನು ಕಳುಹಿಸಿದರು. ಒಬ್ಬರದು ಲೋಡ್ 35, ಅನ್‌ಲೋಡ್ 95, ಅಂದರೆ ಶೇಕಡಾ 27. ಆ ಅಂಕಿ ಅವರದೇ ಅಳತೆಯಾದ್ದರಿಂದ ನಂಬಿಸುವ ಪ್ರಶ್ನೆಯೇ ಬರಲಿಲ್ಲ, ಅದನ್ನು ಅವರು ತಾವು ಕಂಡುಹಿಡಿದದ್ದೆಂದು ಮೇಲಿನವರಿಗೆ ತೋರಿಸಬಹುದಿತ್ತು. ಮೂವರಲ್ಲಿ ಇಬ್ಬರು ತಪಾಸಣೆಗೆ ದಿನ ಗೊತ್ತುಮಾಡಿದರು.

‘ಇಲ್ಲ’ ಎಂದ ಇಬ್ಬರಿಗೆ ಧನ್ಯವಾದ ತಿಳಿಸಿ ಅಲ್ಲಿಗೇ ನಿಲ್ಲಿಸಬೇಕೆಂದು ನಾನು ಹೇಳಿದ್ದೆ. ಎಂಜಿನಿಯರ್ ಒಪ್ಪದೆ ಇಬ್ಬರಿಗೂ ಫೋನ್ ಮಾಡಿದರು. ಒಬ್ಬರಲ್ಲಿದ್ದದ್ದು ವಿಎಫ್‌ಡಿ ಕಂಪ್ರೆಸರ್ ಎಂದು ಆಗ ತಿಳಿಯಿತು. ಅದು ಬೇಡಿಕೆಗೆ ತಕ್ಕಂತೆ ಮೋಟಾರಿನ ವೇಗವನ್ನೇ ಇಳಿಸುತ್ತದೆ. ಮಷೀನುಗಳು ನಿಂತಾಗ ಸೋರಿಕೆಯನ್ನು ತುಂಬಲು ಅದು ಕಡಿಮೆ ವೇಗದಲ್ಲಿ ತಡೆಯಿಲ್ಲದೆ ತಿರುಗುತ್ತಿರಬಹುದು, ‘ಆಗಾಗ ಲೋಡ್‌ಗೆ ಹೋಗುವುದು’ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಮುಂದಿನ ಕಂತಿಗೆ ಯಂತ್ರಗಳ ಪಟ್ಟಿಯಲ್ಲಿ ವಿಎಫ್‌ಡಿ ಎಂದು ಬರೆದಿರುವವರನ್ನು ಬೇರ್ಪಡಿಸಿ, ಅವರಿಗಾಗಿ ಬೇರೆಯ ಪ್ರಶ್ನೆ ಬರೆದಿದ್ದೇವೆ: ಮಷೀನುಗಳೆಲ್ಲ ನಿಂತಿರುವಾಗ ನಿಮ್ಮ ಕಂಪ್ರೆಸರಿನ ಡಿಸ್‌ಪ್ಲೇ ಎಷ್ಟು ಆರ್‌ಪಿಎಂ ತೋರಿಸುತ್ತದೆ?